ಎಷ್ಟು ಎಲೆ ಹಾಕಿಸಬೇಕು?

ನಾಮಕರಣ, ಸೀಮಂತ, ಉಪನಯನ, ಷಷ್ಟ್ಯಬ್ದಿ. ಇವು ಮದುವೆಯಷ್ಟು ದೊಡ್ಡವಲ್ಲ, ಮನೆಯ ಹಜಾರದಲ್ಲಿ ಮುಗಿಸುವಷ್ಟು ಚಿಕ್ಕವೂ ಅಲ್ಲ. ಇನ್ನೂರೈವತ್ತು ಜನ ಸೇರುವ ಇಂಥ ಕಾರ್ಯಗಳಲ್ಲಿ ಖರ್ಚು ಕೈಮೀರುವುದು ಬಲು ಸುಲಭ. ಮದುವೆಗಾದರೆ ಮನೆಯವರು ವರ್ಷಗಟ್ಟಲೆ ದುಡ್ಡು ಕೂಡಿಡುತ್ತಾರೆ, ಹಿರಿಯರು ಕೂತು ಪಟ್ಟಿ ಬರೆಸುತ್ತಾರೆ. ನಾಮಕರಣಕ್ಕೆ ಮಾತ್ರ "ಒಂದೂವರೆ ಲಕ್ಷದಲ್ಲಿ ಆಗಿಹೋಗುತ್ತೆ ಬಿಡಿ" ಎಂಬ ಮಾತಿನ ಮೇಲೆಯೇ ಛತ್ರಕ್ಕೆ ಮುಂಗಡ ಕೊಟ್ಟು ಬಂದಿರುತ್ತಾರೆ.

ಅಡುಗೆಯವರು ಮನೆಗೆ ಬಂದು ಕೇಳುವ ಮೊದಲ ಪ್ರಶ್ನೆ "ಎಷ್ಟು ಎಲೆ ಸ್ವಾಮಿ?" ಎಂಬುದು. ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿತೆಂದರೆ ಬಜೆಟ್ಟಿನ ಅರ್ಧ ಕೆಲಸ ಮುಗಿದಂತೆ. ಎಷ್ಟೋ ಮನೆಗಳಲ್ಲಿ ಉತ್ತರ ಹೊರಡುವುದು ಅಚ್ಚು ಹಾಕಿಸಿದ ಕರೆಯೋಲೆಗಳ ಸಂಖ್ಯೆಯಿಂದ. ಇನ್ನೂ ಕೆಲವರು ಛತ್ರದಲ್ಲಿ ಎಷ್ಟು ಜನ ಹಿಡಿಸುತ್ತಾರೋ ಅಷ್ಟು ಎಂದುಬಿಡುತ್ತಾರೆ. ಎರಡಕ್ಕೂ ಊಟಕ್ಕೆ ಬಂದು ಕೂರುವವರಿಗೂ ಸಂಬಂಧವಿಲ್ಲ.

ತುಮಕೂರಿನ ಒಂದು ಮನೆಯಲ್ಲಿ ಭಾನುವಾರ ಬೆಳಿಗ್ಗೆ ನಾಮಕರಣ, ಮಧ್ಯಾಹ್ನ ಊಟ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಇಲ್ಲಿ ಹಿಡಿದಿರುವ ದರಗಳು ಲೆಕ್ಕ ತೋರಿಸುವುದಕ್ಕಷ್ಟೇ. ನಿಮ್ಮ ಊರಿನ ದರ ಹಾಕಿಕೊಂಡರೂ ದಾರಿ ಇದೇ.

ಮೊದಲು ಕರೆಯಬೇಕಾದವರನ್ನು ಗುಂಪು ಮಾಡಿ ಬರೆಯಬೇಕು. ಈ ಮನೆಯ ಬಂಧುಗಳೆಲ್ಲ ಸೇರಿದರೆ 150 ಜನ. ಅವರಲ್ಲಿ ಊರಿನವರು ಮತ್ತು ಅಕ್ಕಪಕ್ಕದ ತಾಲ್ಲೂಕಿನವರು 110. ಹುಷಾರಿಲ್ಲದವರು, ಪರೀಕ್ಷೆಯಿರುವ ಮಕ್ಕಳು ಬಿಟ್ಟರೆ ಇವರಲ್ಲಿ 90 ಜನ ಬಂದೇ ಬರುತ್ತಾರೆ. ಹುಬ್ಬಳ್ಳಿ, ಶಿವಮೊಗ್ಗ, ಬೆಂಗಳೂರುಗಳಲ್ಲಿ ಇರುವ ನಲವತ್ತು ಮಂದಿಯಲ್ಲಿ 25 ಬಂದರೆ ಹೆಚ್ಚು. ಬೀದಿಯ 25 ಮನೆಗಳಿಂದ ಮನೆಗಿಬ್ಬರಂತೆ 50. ಅರವತ್ತು ಮಂದಿ ಸಹೋದ್ಯೋಗಿಗಳು, ಸ್ನೇಹಿತರಲ್ಲಿ ನಲವತ್ತು ಜನ ಬರಬಹುದು, ಕೆಲವರು ಮನೆಯವರನ್ನೂ ಕರೆತರುವುದರಿಂದ 55 ಎನ್ನಿ. ಬಾಣಂತಿಯ ತವರಿನ ಕಡೆಯಿಂದ 30. ಒಟ್ಟು 250. ಕರೆದ ಪ್ರತಿ ಮನೆಯಿಂದ ಪ್ರತಿಯೊಬ್ಬರೂ ಬಂದರೆ ನಾನೂರು ದಾಟುತ್ತಿತ್ತು. ನಾನೂರಕ್ಕೆ ಅಡುಗೆ ಹೇಳಿದರೆ ದುಡ್ಡೂ ಹಾಳು, ಅನ್ನವೂ ಹಾಳು.

ಗುಂಪು ಮಾಡುವುದರಿಂದ ಇನ್ನೊಂದು ಅನುಕೂಲವಿದೆ. ಸಂಖ್ಯೆ ಎಲ್ಲಿ ಅಲುಗಾಡುತ್ತದೆ ಎಂಬುದು ಕಾಣುತ್ತದೆ. ಹತ್ತಿರದ ನೆಂಟರ ಸಂಖ್ಯೆ ಹೆಚ್ಚುಕಡಿಮೆ ಗಟ್ಟಿ. ಬೀದಿಯವರ ಮತ್ತು ಆಫೀಸಿನವರ ಸಂಖ್ಯೆ ಸಡಿಲ, ಅದೇ ಭಾನುವಾರ ಊರಿನಲ್ಲಿ ಇನ್ನೊಂದು ಮದುವೆಯಿದ್ದರೆ ಅರ್ಧಕ್ಕಿಳಿಯುತ್ತದೆ. ಕಾರ್ಯಕ್ಕೆ ನಾಲ್ಕೈದು ದಿನ ಇರುವಾಗ ಸಡಿಲವಾದ ಗುಂಪಿನವರಿಗೆ ಮಾತ್ರ ಒಂದು ಸುತ್ತು ಫೋನ್ ಮಾಡಿದರೆ ಸಾಕು.

ಇನ್ನು ಅಡುಗೆಯವರ ಜೊತೆಗಿನ ಮಾತು. ಅವರು ಕೇಳುವುದು ಖಾತ್ರಿ ಎಲೆಯ ಸಂಖ್ಯೆ. ಜನ ಕಡಿಮೆ ಬಂದರೂ ಅಷ್ಟಕ್ಕೆ ದುಡ್ಡು ಕೊಡಲೇಬೇಕು. ಹಾಗಾಗಿ 250 ಎಂದು ಅಂದಾಜಾದಾಗ ಖಾತ್ರಿ ಕೊಡಬೇಕಾದದ್ದು 230ಕ್ಕೆ. ಜೊತೆಗೆ, ಮೇಲೆ ಬಂದರೆ 265ರವರೆಗೂ ಅದೇ ದರದಲ್ಲಿ ಬಡಿಸಬೇಕು, ಅಷ್ಟಕ್ಕೆ ಸಾಲುವಷ್ಟು ಅಡುಗೆಯಾಗಿರಬೇಕು ಎಂದು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಒಳ್ಳೆಯ ಅಡುಗೆಯವರು ಹೇಗೂ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚಿಗೆ ಮಾಡಿಕೊಂಡಿರುತ್ತಾರೆ, ಆದ್ದರಿಂದ ಈ ಷರತ್ತಿಗೆ ಅವರು ಒಪ್ಪುತ್ತಾರೆ. ಒಪ್ಪದಿದ್ದರೆ ಹೆಚ್ಚುವರಿ ಎಲೆಗೆ ಎಷ್ಟು ದರ ಎಂಬುದನ್ನು ಅಂದೇ ತೀರ್ಮಾನಿಸಿ. ಊಟ ಮುಗಿದ ಮೇಲೆ ಅದನ್ನು ಚರ್ಚಿಸುವುದಕ್ಕೆ ನಿಮ್ಮ ಬಳಿ ಏನೂ ಬಲ ಉಳಿದಿರುವುದಿಲ್ಲ.

ದರ ಹೋಲಿಸುವಾಗ ಬಹಳ ಜನ ಎಡವುತ್ತಾರೆ. ಒಬ್ಬರು ಎಲೆಗೆ 280 ರೂಪಾಯಿ ಹೇಳುತ್ತಾರೆ, ಇನ್ನೊಬ್ಬರು 240. ನಲವತ್ತು ರೂಪಾಯಿ ಉಳಿಯಿತೆಂದು ಸಂತೋಷಪಡುವ ಮೊದಲು ಒಳಗೇನಿದೆ ಎಂದು ಕೇಳಿ. 240ರಲ್ಲಿ ಬಡಿಸುವವರ ಕೂಲಿ ಸೇರಿಲ್ಲ ಎನ್ನೋಣ. ಹತ್ತು ಜನರಿಗೆ ಏಳುನೂರರಂತೆ ಏಳು ಸಾವಿರ, ಎಲೆಗೆ 28 ರೂಪಾಯಿ ಬಿತ್ತು. ಪಾತ್ರೆ ಸಾಗಿಸುವ ಟೆಂಪೋ ಬಾಡಿಗೆ ಮೂರು ಸಾವಿರ, ಎಲೆಗೆ 12. ಬಾಳೆ ಎಲೆಯೇ ಬೇರೆ ಎಂದರೆ ಇನ್ನೊಂದು 6. ಈಗ 240 ಹೇಳಿದವರ ದರ 286 ಆಯಿತು. ಗ್ಯಾಸ್ ಸಿಲಿಂಡರ್, ವೀಳ್ಯದೆಲೆ ಅಡಿಕೆ, ಬೆಳಗಿನ ಕಾಫಿ ಇವೂ ಕೆಲವರ ದರದಲ್ಲಿ ಇರುತ್ತವೆ, ಕೆಲವರದರಲ್ಲಿ ಇರುವುದಿಲ್ಲ. ಬಿಲ್ಲು ಕೊಡುವವರಾದರೆ ಹೇಳಿದ ದರದ ಮೇಲೆ ಜಿಎಸ್‌ಟಿ ಬೇರೆಯೋ ಎಂದೂ ಕೇಳಬೇಕು. ಹೊರಗೆ ಬಂದು ಅಡುಗೆ ಮಾಡಿ ಬಡಿಸುವ ಕೇಟರಿಂಗ್‌ಗೆ ಸಾಮಾನ್ಯವಾಗಿ ಶೇ. 5 ಬೀಳುತ್ತದೆ. ಹೋಲಿಕೆಗೆ ಎಲ್ಲರ ಮುಂದೆಯೂ ಒಂದೇ ಅಡುಗೆ ಪಟ್ಟಿಯಿಡಿ. ಎರಡು ಪಲ್ಯ, ಎರಡು ಕೋಸಂಬರಿ, ಹೋಳಿಗೆ ಎಂದು ಒಬ್ಬರಿಗೆ ಹೇಳಿ, ಇನ್ನೊಬ್ಬರಿಗೆ "ಏನೋ ಸಿಹಿ ಒಂದಿರಲಿ" ಎಂದರೆ ದರಗಳನ್ನು ಪಕ್ಕಪಕ್ಕ ಇಡಲಾಗುವುದಿಲ್ಲ.

ಈಗ ಪೂರ್ತಿ ಬಜೆಟ್. ಮಧ್ಯಾಹ್ನದ ಊಟ 250 ಜನಕ್ಕೆ 280ರಂತೆ 70,000. ಬೆಳಗಿನ ತಿಂಡಿಗೆ ಎಲ್ಲರೂ ಇರುವುದಿಲ್ಲ, ಹತ್ತಿರದ 90 ಜನಕ್ಕೆ 110ರಂತೆ 9,900. ತೆರಿಗೆ ಸೇರಿದರೆ ಸುಮಾರು 84,000. ಕುಡಿಯುವ ನೀರಿನ ಬಾಟಲಿ ಮತ್ತು ತಾಂಬೂಲದ ಚೀಲಕ್ಕೆ 9,300. ತಾಂಬೂಲವನ್ನು ತಲೆಯ ಲೆಕ್ಕದಲ್ಲಿ ತರಬೇಡಿ, ಕೊಡುವುದು ಮನೆಗೊಂದರಂತೆ. ಇಲ್ಲಿ 120 ಚೀಲ ಸಾಕು. ತೆಂಗಿನಕಾಯಿಯ ಬೆಲೆ ಏರಿರುವಾಗ ಈ ಒಂದು ತಪ್ಪು ಸಾವಿರಗಳಲ್ಲಿ ಕೂರುತ್ತದೆ. ಛತ್ರದ ಬಾಡಿಗೆ 35,000, ಸ್ವಚ್ಛತೆ ಮತ್ತು ಮೀಟರ್ ಪ್ರಕಾರ ವಿದ್ಯುತ್ತು ಸೇರಿ 40,500. ಪುರೋಹಿತರು, ವಾಲಗ, ಹೂವಿನ ಅಲಂಕಾರ, ಫೋಟೋ ಎಲ್ಲ ಸೇರಿ 47,000. ಬಟ್ಟೆ, ಉಡುಗೊರೆ, ಕರೆಯೋಲೆ, ವಾಹನಕ್ಕೆ 27,500. ಕೂಡಿಸಿದರೆ 2,08,300.

ಒಂದೂವರೆ ಲಕ್ಷದ ಅಂದಾಜು ಇಲ್ಲಿಗೆ ಬಂದು ನಿಂತಾಗ ಮನೆಯಲ್ಲಿ ಯಾರಾದರೂ "ಐವತ್ತು ಜನರನ್ನು ಕಡಿಮೆ ಮಾಡೋಣ" ಎನ್ನುತ್ತಾರೆ. ಒಟ್ಟು ಖರ್ಚನ್ನು 250ರಿಂದ ಭಾಗಿಸಿದರೆ ತಲೆಗೆ 833 ರೂಪಾಯಿ ಬರುತ್ತದೆ, ಐವತ್ತು ಜನ ಬಿಟ್ಟರೆ ನಲವತ್ತು ಸಾವಿರ ಉಳಿಯುತ್ತದೆ ಎಂಬುದು ಅವರ ಎಣಿಕೆ. ಅದು ನಿಜವಾಗುವುದಿಲ್ಲ. ಒಬ್ಬರು ಬರದಿದ್ದರೆ ಉಳಿಯುವುದು ಅವರ ಊಟ, ನೀರು, ತಾಂಬೂಲದ ಪಾಲು, ಅಂದರೆ ಸುಮಾರು 330 ರೂಪಾಯಿ. ಛತ್ರ, ವಾಲಗ, ಫೋಟೋದವರು ಜನರ ಸಂಖ್ಯೆ ನೋಡಿ ದರ ಇಳಿಸುವುದಿಲ್ಲ. ಐವತ್ತು ಮನಸ್ಸುಗಳನ್ನು ನೋಯಿಸಿ ಉಳಿಯುವುದು ಹದಿನಾರೂವರೆ ಸಾವಿರ. ನಿಜಕ್ಕೂ ಖರ್ಚು ಇಳಿಸಬೇಕಾಗಿದ್ದರೆ ನೋಡಬೇಕಾದದ್ದು ಜನ ಹೆಚ್ಚಾದರೂ ಕಡಿಮೆಯಾದರೂ ಬದಲಾಗದ ಬಾಬ್ತುಗಳನ್ನು. ಅಲಂಕಾರವನ್ನು ತೊಟ್ಟಿಲಿಗೂ ಬಾಗಿಲಿಗೂ ಸೀಮಿತ ಮಾಡಿ, ಚಿಕ್ಕ ಛತ್ರ ಹಿಡಿದರೆ ಅಷ್ಟೇ ದುಡ್ಡು ಉಳಿಯುತ್ತದೆ, ಯಾರನ್ನೂ ಬಿಡಬೇಕಾಗಿಲ್ಲ. ನನ್ನ ಮಟ್ಟಿಗೆ ಕರೆಯುವ ಜನರನ್ನು ಕಡಿಮೆ ಮಾಡುವುದು ಕೊನೆಯ ಮಾರ್ಗವಾಗಿರಬೇಕು.

ಈ ಮೊತ್ತದ ಮೇಲೆ ಆಪತ್ತಿಗೆಂದು ಒಂದಿಷ್ಟು ದುಡ್ಡು ಎತ್ತಿಡಬೇಕು. ಶೇಕಡ ಹತ್ತು ಎಂದು ಕಣ್ಣುಮುಚ್ಚಿ ಹಾಕುವುದು ವಾಡಿಕೆ. ಅದಕ್ಕಿಂತ, ಏನು ಕೆಡಬಹುದು ಎಂದು ಒಂದೊಂದಾಗಿ ಕೇಳಿಕೊಂಡು ಕಟ್ಟಿದರೆ ದುಡ್ಡು ಸಾಲುತ್ತದೋ ಇಲ್ಲವೋ ತಿಳಿಯುತ್ತದೆ. ಮಾತಾಗಿ ಮುಂಗಡ ಕೊಟ್ಟಾದ ಬಾಬ್ತುಗಳಿಗೆ ಆಪತ್ತಿನ ದುಡ್ಡು ಬೇಡ. 250ರ ಬದಲು 290 ಜನ ಬಂದರೆ ನಲವತ್ತು ಎಲೆಗೆ ತೆರಿಗೆ ಸೇರಿ ಸುಮಾರು 12,000. ಕರೆಂಟು ಹೋಗಿ ಜನರೇಟರ್ ಓಡಿದರೆ, ಛತ್ರ ಬಿಡುವುದು ತಡವಾದರೆ 4,000. ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬಗಳ ಆಸುಪಾಸಿನಲ್ಲಿ ಮುಹೂರ್ತವಿದ್ದರೆ ಹೂವಿನ ಬೆಲೆ ಗಗನಕ್ಕೇರುತ್ತದೆ, ಅದಕ್ಕೆ 3,000. ಕೊನೆಯ ಗಳಿಗೆಯ ವಾಹನ, ಔಷಧಿ, ಇನ್ನಿತರ ಓಡಾಟಕ್ಕೆ 3,000. ಒಟ್ಟು 22,000. ಹೆಚ್ಚುಕಡಿಮೆ ಶೇಕಡ ಹತ್ತೂವರೆಯೇ ಬಂತು. ಆದರೆ ಈಗ ಪ್ರತಿ ಸಾವಿರಕ್ಕೂ ಒಂದು ಕಾರಣವಿದೆ. ಆಷಾಢ ಮುಗಿದ ಕೂಡಲೇ ಬರುವ ಮೊದಲ ಮುಹೂರ್ತಕ್ಕೆ ಇದೇ ಮೊತ್ತ ಸಾಲದೆ ಹೋಗಬಹುದು, ಸಾದಾ ಭಾನುವಾರಕ್ಕೆ ಹೂವಿನ ಮೂರು ಸಾವಿರ ಬೇಡವೇ ಆಗಬಹುದು.

ಬಡಿಸುವವರಿಗೆ, ಕಸ ತೆಗೆಯುವವರಿಗೆ ಕೈಗಿಡುವ ದುಡ್ಡನ್ನು ಆಪತ್ತಿನ ಗಂಟಿನಿಂದ ಕೊಡುವುದು ಸರಿಯಲ್ಲ. ಅದು ಕೊಟ್ಟೇ ಕೊಡುವ ಖರ್ಚು, ಸ್ವಚ್ಛತೆಯ ಬಾಬ್ತಿನ ಜೊತೆಗೆ ಮೊದಲೇ ಬರೆದಿರಬೇಕು. ಹಿಂದಿನ ದಿನ ಭಾವಮೈದುನ "ಐಸ್‌ಕ್ರೀಮ್ ಇಲ್ಲದಿದ್ದರೆ ಹೇಗೆ?" ಎಂದರೆ ಅದಕ್ಕೂ ಈ ಗಂಟಿಗೆ ಕೈಹಾಕಬಾರದು. ಐಸ್‌ಕ್ರೀಮ್ ಬೇಕಿದ್ದರೆ ಬೇರೊಂದು ಬಾಬ್ತಿನಿಂದ ತೆಗೆಯಬೇಕು. ಆಪತ್ತಿನ ದುಡ್ಡು ಒಬ್ಬರ ಕೈಯಲ್ಲೇ ಇರಲಿ, ಅವರು ಮಗುವಿನ ತಂದೆ ತಾಯಿ ಆಗದಿರಲಿ. ಅವರಿಗೆ ಅಂದು ಪೂಜೆಯ ಮಣೆಯಿಂದ ಏಳಲಾಗುವುದಿಲ್ಲ.

ಊಟದ ದಿನ ಈ ಲೆಕ್ಕವೆಲ್ಲ ನಿಜವೋ ಸುಳ್ಳೋ ಗೊತ್ತಾಗುವುದು ಪಂಕ್ತಿಯಲ್ಲಿ. ಒಂದು ಪಂಕ್ತಿಗೆ ನೂರು ಜನ ಕೂರುವ ಛತ್ರವಾದರೆ ಎರಡನೆಯ ಪಂಕ್ತಿ ಕೂರುವ ಹೊತ್ತಿಗೆ ಹೊರಗೆ ಕಾಯುತ್ತಿರುವವರನ್ನು ಎಣಿಸಿ. ಎಂಬತ್ತಕ್ಕಿಂತ ಹೆಚ್ಚು ಕಂಡರೆ ಆಗಲೇ ಭಟ್ಟರಿಗೆ ಹೇಳಿ ಇನ್ನಷ್ಟು ಅನ್ನಕ್ಕಿಡಿಸಬೇಕು. ಒಂದು ಕಿಲೋ ಅಕ್ಕಿ ಎಂಟು ಹತ್ತು ಎಲೆಗೆ ಬರುತ್ತದೆ, ಮುಕ್ಕಾಲು ಗಂಟೆಯಲ್ಲಿ ಅನ್ನ ತಯಾರು. ಸಾರು ಹುಳಿಯನ್ನೂ ಹಿಗ್ಗಿಸಬಹುದು. ಹೋಳಿಗೆ ಹಾಗಲ್ಲ. ಆದ್ದರಿಂದ ಮೂರನೆಯ ಪಂಕ್ತಿಗೆಂದು ಎಣಿಸಿದ ಹೋಳಿಗೆಯನ್ನು ಬೇರೆ ಬುಟ್ಟಿಯಲ್ಲಿ ಮುಚ್ಚಿಡಿಸುವುದು ಕ್ಷೇಮ.

ಎಲೆಯ ಎಣಿಕೆಯಲ್ಲೇ ಜಗಳ ಹುಟ್ಟುವುದು. ಅಡುಗೆಯವರು 285 ಎನ್ನುತ್ತಾರೆ, ನಿಮ್ಮವರು 255. ಹರಿದು ಪಕ್ಕಕ್ಕಿಟ್ಟ ಎಲೆ, ಅಡುಗೆಯವರು ತಾವೇ ಉಂಡ ಎಲೆ, ವಾಲಗದವರ ಮತ್ತು ಡ್ರೈವರ್‌ಗಳ ಎಲೆ, ಇಬ್ಬರು ಮಕ್ಕಳಿಗೆ ಹಾಕಿದ ಒಂದೇ ಎಲೆ, ಇವೆಲ್ಲ ಆ ಮೂವತ್ತರೊಳಗೆ ಸೇರಿರುತ್ತವೆ. ಯಾವುದಕ್ಕೆ ದುಡ್ಡು, ಯಾವುದಕ್ಕಿಲ್ಲ ಎಂದು ಮೊದಲೇ ಮಾತಾಡಿ. ಮನೆಯ ಕಡೆಯ ಒಬ್ಬ ಹುಡುಗನನ್ನು ಅಡುಗೆಯವರ ಮೇಸ್ತ್ರಿಯ ಜೊತೆ ನಿಲ್ಲಿಸಿ. ಬೆಳಿಗ್ಗೆ ಬಂದ ಎಲೆಯ ಕಟ್ಟುಗಳನ್ನು ಇಬ್ಬರೂ ಎಣಿಸಲಿ, ಪ್ರತಿ ಪಂಕ್ತಿ ಕೂತೊಡನೆ ಮೇಜುಗಳ ಉದ್ದಕ್ಕೂ ನಡೆದು ತಲೆ ಎಣಿಸಿ ಒಂದೇ ಹಾಳೆಯಲ್ಲಿ ಇಬ್ಬರೂ ಸಹಿ ಹಾಕಲಿ, ಕೊನೆಗೆ ಉಳಿದ ಎಲೆ ಎಣಿಸಲಿ. ಬಫೆಯಾದರೆ ತಟ್ಟೆಗೂ ಇದೇ ಕ್ರಮ. ಬಾಕಿ ದುಡ್ಡು ಕೊಡುವುದು ಈ ಹಾಳೆ ಕೈಗೆ ಬಂದ ಮೇಲೆ. ಛತ್ರದ ಠೇವಣಿ ವಾಪಸು ಪಡೆಯುವಾಗಲೂ ಅಷ್ಟೇ. ಬೀಗದ ಕೈ ತೆಗೆದುಕೊಂಡಾಗಲೇ ಮೀಟರಿನ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದರೆ, ಕೀ ಹಿಂದಿರುಗಿಸುವಾಗ ಇನ್ನೊಂದು ಫೋಟೋ ತೆಗೆದು ಎರಡನ್ನೂ ಮ್ಯಾನೇಜರ ಮುಂದಿಡಬಹುದು.