ಮ್ಯಾನೇಜರರ ವಿಷಯ ಕೆಲಸಗಾರರನ್ನು ಕೇಳುವ ಬಗೆ

ಹೋಟೆಲಿನ ಗಲ್ಲಾ ಬಿಟ್ಟು ಪತ್ರಿಕೆಯ ಮೇಜಿಗೆ ಬರುವುದಕ್ಕೆ ಮುನ್ನ, ಮುಂಬಯಿಯಲ್ಲಿ ನಾವೊಂದು ಜಾಣತನದ ಕೆಲಸ ಮಾಡಿದೆವೆಂದು ತಿಳಿದಿದ್ದೆವು. ನಮ್ಮ ಮ್ಯಾನೇಜರರ ನಡವಳಿಕೆ ಹೇಗಿದೆಯೆಂದು ಅರಿಯಲು ಕೆಲಸಗಾರರು ೧೪ ಮಂದಿಗೂ ಒಂದೊಂದು ಚೀಟಿ ಕೊಟ್ಟು, 'ಮ್ಯಾನೇಜರು ಒಳ್ಳೆಯವರೇ? ಏನಾದರೂ ತೊಂದರೆ ಇದೆಯೇ?' ಎಂದು ಕೇಳಿದೆವು. ಹೆಸರು ಬರೆಯಬೇಡಿರೆಂದೂ ಹೇಳಿದ್ದೆವು. ೧೩ ಚೀಟಿಗಳಲ್ಲಿ 'ಒಳ್ಳೆಯವರು' ಎಂದಿತ್ತು. ಉಳಿದ ಒಂದರಲ್ಲಿ, ವಾರದ ರಜೆ ಕೇಳಿದರೆ ಗದರುತ್ತಾರೆ ಎಂದು ಒಬ್ಬ ಮಾಣಿ ಬರೆದಿದ್ದನು.

ಚೀಟಿಗಳು ಮ್ಯಾನೇಜರರ ಕೈ ದಾಟಿಯೇ ನಮ್ಮಲ್ಲಿಗೆ ಬಂದವು. ದಿನವೂ ಆರ್ಡರು ಬರೆಯುವ ಹುಡುಗನ ಅಕ್ಷರ ಅವರಿಗೆ ತಿಳಿಯದೇ? ಎರಡು ವಾರದೊಳಗೆ ಅವನನ್ನು ಪಾತ್ರೆ ತೊಳೆಯುವ ಕಡೆಗೆ ಹಾಕಲಾಯಿತು. ತಿಂಗಳು ತುಂಬುವ ಮೊದಲೇ ಅವನು ಊರಿನ ಬಸ್ಸು ಹತ್ತಿದನು. ಕಾರಣ ನಮಗೆ ತಿಳಿದುದು ಆಮೇಲೆ. ತಪ್ಪು ಮ್ಯಾನೇಜರರದೆಷ್ಟೋ, ಅಂತಹ ಚೀಟಿ ಹಂಚಿದ ನಮ್ಮದೂ ಅಷ್ಟೇ ಎಂದು ಇಂದು ಒಪ್ಪುತ್ತೇವೆ.

ಈಗ ಅನೇಕ ಕಚೇರಿಗಳಲ್ಲಿ, ದೊಡ್ಡ ಹೋಟೆಲುಗಳಲ್ಲಿ ಮೇಲಿನವರ ವಿಷಯ ಕೆಳಗಿನವರನ್ನು ಪ್ರಶ್ನಾವಳಿಯ ಮೂಲಕ ಕೇಳುವ ಪದ್ಧತಿ ಬಂದಿದೆ. ನಮ್ಮ ವಾಚಕರಲ್ಲಿ ಕೆಲವರು ಅದನ್ನು ತುಂಬುವವರು, ಕೆಲವರು ತಯಾರಿಸುವ ಗುಮಾಸ್ತರು. ಆದುದರಿಂದ ನಾವು ಎರಡನೆಯ ಸಲ ಅದನ್ನು ಹೇಗೆ ಮಾಡಿದೆವೆಂಬುದನ್ನು ಬರೆಯುತ್ತಿದ್ದೇವೆ. ಆಗ ನೆರವಾದವರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಮಿತ್ರರೊಬ್ಬರು.

ಅವರು ಮೊದಲು ನಮ್ಮ ಹಳೆಯ ಪ್ರಶ್ನೆಯನ್ನೇ ಹೊಡೆದುಹಾಕಿದರು. 'ಒಳ್ಳೆಯವರೇ' ಎಂದು ಕೇಳಿದರೆ ಅದು ಮನುಷ್ಯನ ಗುಣದ ಮೇಲೆ ತೀರ್ಪು ಕೇಳಿದಂತೆ. ಹಾಗೆ ತೀರ್ಪು ಕೊಡಲು ಕೆಲಸಗಾರನು ಅಂಜುತ್ತಾನೆ, ಕೊಟ್ಟರೂ ಮ್ಯಾನೇಜರರಿಗೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. ಕಣ್ಣಿಗೆ ಕಂಡುದನ್ನು, ಕಿವಿಗೆ ಕೇಳಿದುದನ್ನು ಮಾತ್ರ ಕೇಳಬೇಕು. ಅದಕ್ಕೊಂದು ಅವಧಿಯೂ ಇರಬೇಕು, ಇಲ್ಲವಾದರೆ ನಿನ್ನೆಯ ಜಗಳವೊಂದೇ ಉತ್ತರವನ್ನೆಲ್ಲ ನುಂಗಿಬಿಡುತ್ತದೆ ಎಂದರು. 'ನ್ಯಾಯವಾಗಿ ರಜೆ ಕೊಡುತ್ತಾರೆಯೇ' ಎಂಬುದರ ಬದಲು, 'ಕಳೆದ ೩ ತಿಂಗಳಲ್ಲಿ, ನೀವು ರಜೆ ಕೇಳಿದಾಗ, ಕೊಡುವ ಅಥವಾ ಕೊಡದಿರುವ ಕಾರಣವನ್ನು ಮ್ಯಾನೇಜರು ತಿಳಿಸಿದರೇ?' ಎಂದಾಯಿತು. ಉತ್ತರಕ್ಕೆ ಐದು ಮನೆಗಳು: ಎಂದೂ ಇಲ್ಲ, ಅಪರೂಪಕ್ಕೆ, ಕೆಲವು ಸಲ, ಹೆಚ್ಚಾಗಿ, ಯಾವಾಗಲೂ. ಇವುಗಳಿಂದ ಪ್ರತ್ಯೇಕವಾಗಿ 'ನನಗೆ ಅನುಭವವಿಲ್ಲ' ಎಂಬ ಆರನೆಯ ಮನೆ. ರಜೆಯನ್ನೇ ಕೇಳದವನು ಈ ಆರನೆಯದು ಇಲ್ಲದಿದ್ದರೆ ನಡುವಿನದಕ್ಕೆ ಗುರುತು ಹಾಕಿಬಿಡುತ್ತಾನೆ. ಅದು ಮ್ಯಾನೇಜರರಿಗೆ ಮಾಡುವ ಅನ್ಯಾಯ.

ನಾವು ಬರೆದಿದ್ದ ಇನ್ನೊಂದು ಪ್ರಶ್ನೆ, 'ಮ್ಯಾನೇಜರು ಕೆಲಸವನ್ನು ಸಮನಾಗಿ ಹಂಚಿ, ಸಂಬಳವನ್ನು ಸಕಾಲಕ್ಕೆ ಕೊಡುತ್ತಾರೆಯೇ?' ಎಂದಿತ್ತು. ಹಂಚಿಕೆ ಸರಿ, ಸಂಬಳ ತಡ ಎನ್ನುವವನು ಯಾವ ಮನೆಗೆ ಗುರುತು ಹಾಕಬೇಕು? ಅಲ್ಲದೆ ಸಂಬಳ ತಡವಾಗುತ್ತಿದ್ದುದು ನಮ್ಮಿಂದ. ಧಣಿಯ ಲೋಪಕ್ಕೆ ಮ್ಯಾನೇಜರರ ಲೆಕ್ಕದಲ್ಲಿ ಅಂಕ ಕಳೆಯುವುದೆಂದರೇನು! ಸಂಬಳದ ಮಾತು ಕಾಗದದಿಂದ ಹೊರಟುಹೋಯಿತು.

ಅಚ್ಚಿಗೆ ಕೊಡುವ ಮುನ್ನ ಮಿತ್ರರು, ಉತ್ತರ ತುಂಬುವವರ ಪೈಕಿ ಅಲ್ಲದ, ನಮ್ಮಲ್ಲಿ ಹಿಂದೆ ಕೆಲಸ ಮಾಡಿದ್ದ ಇಬ್ಬರ ಮುಂದೆ ಪ್ರಶ್ನೆಗಳನ್ನು ಓದಿ, 'ನಿಮಗೇನು ಅರ್ಥವಾಯಿತು?' ಎಂದು ಕೇಳಿದರು. 'ಗೌರವದಿಂದ ಮಾತನಾಡುತ್ತಾರೆಯೇ' ಎಂಬುದು ಒಬ್ಬನಿಗೆ 'ನೀವು' ಎಂದು ಕರೆಯುತ್ತಾರೆಯೇ ಎಂದು ಕೇಳಿಸಿತು. ಅಡುಗೆಯ ಭಟ್ಟರಾಗಿದ್ದ ಇನ್ನೊಬ್ಬರು, 'ನೀನು ಎಂದರೆ ನಮಗೆ ಮನೆಯವರು ಕರೆದ ಹಾಗೆ, ಅದರಲ್ಲಿ ಅಗೌರವವೇನು?' ಎಂದರು. ಒಂದೇ ಪ್ರಶ್ನೆ, ಎರಡು ಅರ್ಥ. ಕೊನೆಗೆ, 'ನಿಮ್ಮಿಂದ ತಪ್ಪಾದಾಗ, ಗಿರಾಕಿಗಳ ಎದುರಿಗೆ ಹೇಳದೆ ಬದಿಗೆ ಕರೆದು ಹೇಳಿದರೇ?' ಎಂದು ನಿಂತಿತು. ಹೀಗೆ ಪ್ರಶ್ನೆಗಳು ಎಂಟೇ ಆದವು. ಎಲ್ಲದರಲ್ಲಿಯೂ 'ಯಾವಾಗಲೂ' ಎಂಬುದೇ ಮೇಲಾದ ಉತ್ತರವಾಗುವಂತೆ ನೋಡಿಕೊಂಡೆವು, ದಣಿದವನು ತಿರುಗುಮುರುಗಾಗಿ ಗುರುತು ಹಾಕಬಾರದಲ್ಲವೇ.

ಇನ್ನು ರಕ್ಷಣೆಯ ಮಾತು. ಬರೆಯುವ ಕೆಲಸವೇ ಇಲ್ಲ, ಗುರುತು ಹಾಕುವುದಷ್ಟೇ. ಎಲ್ಲರಿಗೂ ಒಂದೇ ಬಗೆಯ ಪೆನ್ನು. ಬೀಗ ಹಾಕಿದ ಡಬ್ಬಿ. ಅದರ ಕೀಲಿ ಮಿತ್ರರಲ್ಲಿ. ವಯಸ್ಸು, ವಿಭಾಗ, ಎಷ್ಟು ವರ್ಷದ ಸೇವೆ ಎಂಬುದನ್ನು ಕೇಳಲಿಲ್ಲ. '೭ ವರ್ಷದ ಸೇವೆ, ಅಡುಗೆ ವಿಭಾಗ' ಎಂದು ಬರೆದರೆ ಹೆಸರು ಬರೆದಂತೆಯೇ ಆಗುತ್ತದೆ. ಏನಾದರೂ ಹೇಳಬೇಕೆನ್ನುವವರು ಮಿತ್ರರಿಗೆ ಬಾಯಲ್ಲಿಯೇ ಹೇಳಬಹುದಿತ್ತು; ಅವರು ದಿನ, ಘಟನೆಗಳನ್ನು ಬಿಟ್ಟು ತಾತ್ಪರ್ಯವನ್ನು ತಮ್ಮ ಮಾತಿನಲ್ಲಿ ಬರೆದರು. ಅದು ಗುಟ್ಟಾಯಿತೇ ಹೊರತು ಅನಾಮಧೇಯವಲ್ಲ, ಯಾರು ಹೇಳಿದರೆಂದು ತಮಗಂತೂ ತಿಳಿದಿರುತ್ತದೆ ಎಂಬುದನ್ನು ಮೊದಲೇ ಅವರಿಗೆ ತಿಳಿಸಿದ್ದರು. ಇಂದು ಮೊಬೈಲಿನಲ್ಲಿ ಫಾರ್ಮು ಕಳುಹಿಸುವವರು ಇ-ಮೇಲ್ ವಿಳಾಸ ದಾಖಲಾಗುತ್ತದೆಯೇ, ಉತ್ತರ ಬಂದ ಗಂಟೆ ನಿಮಿಷ ಕಾಣುತ್ತದೆಯೇ ಎಂದು ನೋಡಬೇಕು. ಮಧ್ಯಾಹ್ನ ೩ ಗಂಟೆಗೆ ಬಿಡುವಿದ್ದವನು ಒಬ್ಬನೇ ಆದರೆ, ೩-೧೦ಕ್ಕೆ ಬಂದ ಉತ್ತರ ಯಾರದೆಂದು ಹೇಳಬೇಕಾಗಿಲ್ಲ.

ಡಬ್ಬಿ ತೆರೆದಾಗ ಒಂದು ಪ್ರಶ್ನೆಯ ಫಲ ಮನಸ್ಸಿನಲ್ಲಿ ನಿಂತಿದೆ. 'ಗಿರಾಕಿಯು ದೂರಿದಾಗ, ತೀರ್ಮಾನಕ್ಕೆ ಮುನ್ನ ಮ್ಯಾನೇಜರು ನಿಮ್ಮ ಮಾತು ಕೇಳಿದರೇ?' ಎಂಬುದಕ್ಕೆ 'ಯಾವಾಗಲೂ' ಎಂದವರು ೬, 'ಎಂದೂ ಇಲ್ಲ' ಎಂದವರು ೬, 'ಕೆಲವು ಸಲ' ಎಂದವನು ಒಬ್ಬ, ಅನುಭವವಿಲ್ಲ ಎಂದವನು ಒಬ್ಬ. ೫ರಿಂದ ೧ರವರೆಗೆ ಅಂಕ ಕೊಟ್ಟು ಕೂಡಿದರೆ ೩೯. ೧೩ ಮಂದಿಗೆ ಸರಾಸರಿ ಸರಿಯಾಗಿ ೩. ಅಂದರೆ 'ಕೆಲವು ಸಲ'. ಆ ಉತ್ತರ ಕೊಟ್ಟಿದ್ದವನು ಒಬ್ಬನೇ! ಸರಾಸರಿಯನ್ನು ಬದಿಗಿಟ್ಟು, ಯಾವ ಮನೆಗೆ ಎಷ್ಟು ಗುರುತು ಎಂಬುದನ್ನೇ ಮ್ಯಾನೇಜರರಿಗೆ ತೋರಿಸಿದೆವು.

ಅವರು ಕೂಡಲೇ, 'ಅಡುಗೆಯವರದೆಷ್ಟು, ಸಪ್ಲೈಯವರದೆಷ್ಟು, ವಿಚಾರಿಸಿ ಹೇಳಿರಿ' ಎಂದರು. ಕೇಳಿದುದರಲ್ಲಿ ದುರುದ್ದೇಶವಿರಲಿಲ್ಲ, ನಮಗೂ ತಿಳಿಯುವ ಆಸೆಯಿತ್ತು. ಮಿತ್ರರು ಒಪ್ಪಲಿಲ್ಲ. ಅಡುಗೆಯಲ್ಲಿ ೬, ಸಪ್ಲೈಯಲ್ಲಿ ೫, ಸ್ವಚ್ಛತೆಗೆ ೩ ಮಂದಿ. ಐವರಿಗಿಂತ ಕಡಿಮೆಯ ಗುಂಪಿನ ಫಲ ಹೊರಗೆಡಹಬಾರದೆಂಬುದು ಮೊದಲೇ ಮಾಡಿದ ಕರಾರು. ದೊಡ್ಡ ಎರಡು ಗುಂಪುಗಳದನ್ನು ಮಾತ್ರ ಹೇಳಿದರೂ, ಒಟ್ಟಿನಿಂದ ಕಳೆದರೆ ಆ ಮೂವರ ಉತ್ತರ ತಾನಾಗಿ ಬಯಲಾಗುತ್ತದೆ. ಅಡುಗೆಯವರು ಆರೂ ಮಂದಿ 'ಎಂದೂ ಇಲ್ಲ' ಎಂದಿದ್ದರಂತೂ ಸಂಖ್ಯೆಯ ಮರೆಯೂ ಉಪಯೋಗಕ್ಕೆ ಬರದು, ಒಬ್ಬೊಬ್ಬನ ಉತ್ತರವೂ ತಿಳಿದಂತಾಯಿತು.

'ಯಾರೆಂದು ತಿಳಿಯದೆ ತಿದ್ದಿಕೊಳ್ಳುವುದು ಹೇಗೆ?' ಎಂದರು ಮ್ಯಾನೇಜರು. ಮಿತ್ರರು, 'ಎಲ್ಲರನ್ನೂ ಕೇಳಿ ತೀರ್ಮಾನಿಸಿರಿ ಸ್ವಾಮಿ, ಆಗ ಯಾರೆಂದು ತಿಳಿಯಬೇಕಾದುದೇ ಇಲ್ಲವಲ್ಲ' ಎಂದರು. ಅವರು ನಕ್ಕರು, ಆದರೆ ಒಪ್ಪಿದರು. ಮರುವಾರದಿಂದ ತಟ್ಟೆ ಹಿಂದಕ್ಕೆ ಬಂದಾಗ ಅವರು ಅಡುಗೆಮನೆಯ ಬಾಗಿಲವರೆಗೆ ಹೋಗಿ ಕೇಳಿ ಬರುತ್ತಿದ್ದುದನ್ನು ನಾವು ಗಲ್ಲಾದಿಂದ ಕಂಡೆವು.

೩ ತಿಂಗಳ ನಂತರ ಅದೇ ಪ್ರಶ್ನೆಗಳನ್ನು ಒಂದಕ್ಷರವೂ ಬದಲಿಸದೆ ಮತ್ತೆ ಕೇಳಿದೆವು. ಮಾತು ಬದಲಾದರೆ ಹಿಂದಿನದಕ್ಕೂ ಇಂದಿನದಕ್ಕೂ ಹೋಲಿಕೆಯಿಲ್ಲ. 'ಎಂದೂ ಇಲ್ಲ' ಎಂದವರು ಈ ಸಲ ಇಬ್ಬರು. ಒಬ್ಬಿಬ್ಬರ ವ್ಯತ್ಯಾಸವಾಗಿದ್ದರೆ ನಾವು ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆರರಿಂದ ಎರಡಕ್ಕೆ ಇಳಿದುದನ್ನು ಹಿಡಿದೆವು. ಊರಿಗೆ ಹೋದ ಆ ಮಾಣಿಗೆ ಕಾಗದ ಬರೆದು ಕರೆಸಿದೆವು. ಬೇರೆ ಕಡೆ ಕೆಲಸಕ್ಕೆ ಸೇರಿರುವೆನೆಂದು ಉತ್ತರ ಬಂದಿತು.