ರಾಜೀನಾಮೆಯ ನಂತರ ಉಳಿಕೆ ರಜೆಯ ವೇತನ: ದಿನದ ದರದ ಲೆಕ್ಕ ಮತ್ತು ಕೋರಿಕೆ ಪತ್ರ

ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರ ಹಾಗೂ ಸುತ್ತಲಿನ ಗ್ರಾಮಗಳಿಂದ ಹುಮನಾಬಾದ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ದುಡಿಯಲು ಹೋಗುವವರು ಕೆಲಸ ಬಿಟ್ಟಾಗ, ಉಳಿದ ರಜೆಗೆ ಬಂದ ಹಣ ಸರಿಯೋ ತಪ್ಪೋ ಎಂದು ತಿಳಿಯಲು ಸಂಬಳ ಚೀಟಿ ಹಿಡಿದು ಗ್ರಾಮ ಪಂಚಾಯಿತಿ ಸದಸ್ಯರಲ್ಲಿಗೆ ಬರುವುದುಂಟು. ಇಂತಹ ಲೆಕ್ಕಗಳಲ್ಲಿ ರಜೆಯ ದಿನಗಳ ಸಂಖ್ಯೆಗಿಂತ ದಿನದ ದರದಲ್ಲಿಯೇ ಹೆಚ್ಚು ಹಣ ಕಳೆದುಹೋಗುತ್ತದೆ.

ಕಾರ್ಖಾನೆಗಳ ಅಧಿನಿಯಮ, 1948ರ ಪ್ರಕರಣ 79ರಂತೆ ವಯಸ್ಕ ಕಾರ್ಮಿಕನಿಗೆ ದುಡಿದ ಪ್ರತಿ 20 ದಿನಗಳಿಗೆ ಒಂದು ದಿನ ವೇತನಸಹಿತ ರಜೆ ದೊರೆಯುತ್ತದೆ. ಸಾಮಾನ್ಯವಾಗಿ ವರ್ಷದಲ್ಲಿ 240 ದಿನ ದುಡಿದಿರಬೇಕು. ಆದರೆ ವರ್ಷದ ನಡುವೆ ಕೆಲಸ ಬಿಟ್ಟವನಿಗೆ ಈ ಷರತ್ತು ಅನ್ವಯಿಸುವುದಿಲ್ಲ. ದುಡಿದಷ್ಟು ದಿನಗಳಿಗೆ ಅದೇ ಪ್ರಮಾಣದಲ್ಲಿ ವೇತನ ಸಲ್ಲಬೇಕು. “240 ದಿನ ತುಂಬಿಲ್ಲ” ಎಂಬ ಉತ್ತರವನ್ನು ಒಪ್ಪಬೇಕಾಗಿಲ್ಲ. ಉಳಿದ ರಜೆಯನ್ನು ನೋಟಿಸು ಅವಧಿಗೆ ವಜಾ ಮಾಡಿಕೊಳ್ಳುವುದಕ್ಕೂ ಇದೇ ಪ್ರಕರಣದಲ್ಲಿ ಅವಕಾಶವಿಲ್ಲ.

ದಿನದ ದರವನ್ನು ಪ್ರಕರಣ 80 ಹೇಳುತ್ತದೆ. ಹಿಂದಿನ ತಿಂಗಳಲ್ಲಿ ಕಾರ್ಮಿಕನು ವಾಸ್ತವವಾಗಿ ದುಡಿದ ದಿನಗಳ ಪೂರ್ಣಾವಧಿ ಗಳಿಕೆಯ ಸರಾಸರಿಯೇ ದರ. ತುಟ್ಟಿಭತ್ಯೆ ಇದರಲ್ಲಿ ಸೇರುತ್ತದೆ. ಓವರ್‌ಟೈಮ್ ಮತ್ತು ಬೋನಸ್ ಸೇರುವುದಿಲ್ಲ. ಭಾಗಿಸಬೇಕಾದುದು ದುಡಿದ ದಿನಗಳಿಂದ, 30ರಿಂದಲ್ಲ. ಸರ್ಕಾರಿ ನೌಕರರ ರಜೆ ನಗದೀಕರಣದಲ್ಲಿ ವೇತನ ಮತ್ತು ತುಟ್ಟಿಭತ್ಯೆಯನ್ನು 30ರಿಂದ ಭಾಗಿಸುವ ರೂಢಿ ಎಲ್ಲರಿಗೂ ಪರಿಚಿತವಾದುದರಿಂದ ಕಾರ್ಖಾನೆಯ ಲೆಕ್ಕಕ್ಕೂ ಅದನ್ನೇ ಹಚ್ಚಿಬಿಡುತ್ತಾರೆ. ಅದು ಬೇರೆ ನಿಯಮ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ರಾಜೇಶ್ವರದ ಕಾರ್ಮಿಕನೊಬ್ಬ 30 ಆಗಸ್ಟ್ 2025, ಶನಿವಾರ ಕೆಲಸ ಬಿಟ್ಟನೆನ್ನೋಣ. 2024ರಿಂದ ಮುಂದುವರಿದ ರಜೆ 8 ದಿನ. 2025ರಲ್ಲಿ ಅವನು 196 ದಿನ ದುಡಿದಿದ್ದಾನೆ. 20ರಿಂದ ಭಾಗಿಸಿದರೆ 9.8. ಅರ್ಧ ದಿನ ಅಥವಾ ಅದಕ್ಕಿಂತ ಹೆಚ್ಚಿನ ಭಾಗವನ್ನು ಪೂರ್ಣ ದಿನವೆಂದೇ ಎಣಿಸಬೇಕಾದುದರಿಂದ 10 ದಿನ. ಈ ವರ್ಷ ಬಳಸಿದ 4 ದಿನ ಕಳೆದರೆ ಉಳಿದದ್ದು 14 ದಿನ.

ಜುಲೈ ತಿಂಗಳಲ್ಲಿ ಅವನು 25 ದಿನ ದುಡಿದು, ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ, ಇತರ ಭತ್ಯೆ 3,750 ರೂಪಾಯಿ ಗಳಿಸಿದ್ದಾನೆ. ಓವರ್‌ಟೈಮ್ ಹಣವನ್ನು ಬಿಟ್ಟಿದೆ. ಒಟ್ಟು 18,750 ರೂಪಾಯಿಯನ್ನು 25ರಿಂದ ಭಾಗಿಸಿದರೆ ದಿನಕ್ಕೆ 750 ರೂಪಾಯಿ; 14 ದಿನಕ್ಕೆ 10,500 ರೂಪಾಯಿ. ಕಾರ್ಖಾನೆಯವರು 15,000ವನ್ನು ಮಾತ್ರ ಹಿಡಿದು 30ರಿಂದ ಭಾಗಿಸಿದರೆ ದರ 500ಕ್ಕಿಳಿಯುತ್ತದೆ, ಕೈಗೆ ಬರುವುದು 7,000 ರೂಪಾಯಿ. ದಿನಗಳ ಸಂಖ್ಯೆ ಸರಿಯಾಗಿಯೇ ಇದ್ದು 3,500 ರೂಪಾಯಿ ಹೋಯಿತು. ಒಟ್ಟು ಮೊತ್ತವನ್ನಷ್ಟೇ ನೋಡಿ ಸಹಿ ಮಾಡಿದವನಿಗೆ ಇದು ತಿಳಿಯುವುದೇ ಇಲ್ಲ.

ಹಣವನ್ನು ಕೆಲಸ ಬಿಟ್ಟ ನಂತರದ ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ಕೊಡಬೇಕು. ಮೇಲಿನ ಉದಾಹರಣೆಯಲ್ಲಿ ಅದು 2 ಸೆಪ್ಟೆಂಬರ್, ಮಂಗಳವಾರ. ಬಾರದಿದ್ದರೆ ಕಾರ್ಖಾನೆಯ ವ್ಯವಸ್ಥಾಪಕರಿಗೆ ಈ ರೀತಿ ಬರೆಯಬಹುದು:

“ನಾನು ದಿನಾಂಕ 30-08-2025ರಂದು ರಾಜೀನಾಮೆ ನೀಡಿ ಕೆಲಸದಿಂದ ಬಿಡುಗಡೆ ಹೊಂದಿರುತ್ತೇನೆ. ನನ್ನ ಲೆಕ್ಕದಂತೆ 14 ದಿನಗಳ ರಜೆ ಉಳಿದಿದೆ. ಜುಲೈ 2025ರ ಪೂರ್ಣಾವಧಿ ಗಳಿಕೆ 18,750 ರೂ., ದುಡಿದ ದಿನಗಳು 25, ದಿನದ ದರ 750 ರೂ., ಒಟ್ಟು 10,500 ರೂ. ಈ ಮೊತ್ತವನ್ನು ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕಾಗಿ ಕೋರುತ್ತೇನೆ. ತಮ್ಮ ಲೆಕ್ಕ ಬೇರೆಯಾಗಿದ್ದಲ್ಲಿ ಯಾವ ತಿಂಗಳ ಯಾವ ಯಾವ ಗಳಿಕೆಯನ್ನು ಎಷ್ಟು ದಿನಗಳಿಂದ ಭಾಗಿಸಲಾಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು.”

ಪತ್ರದಲ್ಲಿ ಕೊನೆಯ ವಾಕ್ಯವೇ ಮುಖ್ಯ. ಜೊತೆಗೆ ಸಂಬಳ ಚೀಟಿ, ರಜೆ ಪುಸ್ತಕದ ನಕಲು ಮತ್ತು ರಾಜೀನಾಮೆಯ ಸ್ವೀಕೃತಿ ಲಗತ್ತಿಸಿ, ಪತ್ರದ ಪ್ರತಿಯ ಮೇಲೆ ಮೊಹರು ಪಡೆಯಬೇಕು. ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಬೇಕು. ಗುತ್ತಿಗೆದಾರನ ಮೂಲಕ ದುಡಿದವನೂ ಈ ಅಧಿನಿಯಮದ ಅರ್ಥದಲ್ಲಿ ಕಾರ್ಮಿಕನೇ. ಆದುದರಿಂದ ಅವನು ಪತ್ರವನ್ನು ಇಬ್ಬರಿಗೂ ಬರೆಯುವುದು ಲೇಸು. ಉತ್ತರ ಬಾರದಿದ್ದರೆ ಇದೇ ಕಾಗದಗಳೊಡನೆ ಕಾರ್ಮಿಕ ಇಲಾಖೆಯ ನಿರೀಕ್ಷಕರನ್ನು ಕಾಣಬೇಕು. ಈ ಬಾಕಿಯನ್ನು ತಡವಾದ ವೇತನವೆಂದು ವೇತನ ಪಾವತಿ ಅಧಿನಿಯಮ, 1936ರಡಿ ವಸೂಲಿ ಮಾಡಬಹುದಾಗಿತ್ತು; ಅದಕ್ಕೆ 12 ತಿಂಗಳ ಗಡುವಿದ್ದುದರಿಂದ ಹಳೆಯ ಬಾಕಿಯುಳ್ಳವರು ತಡಮಾಡಬಾರದು.

21 ನವೆಂಬರ್ 2025ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅಂದಿನಿಂದ ಈಚೆಗೆ ಕೆಲಸ ಬಿಟ್ಟವರಿಗೂ 20 ದಿನಕ್ಕೆ ಒಂದು ದಿನದ ಪ್ರಮಾಣ ಮತ್ತು ಎರಡು ಕೆಲಸದ ದಿನಗಳ ಗಡುವು ಹಾಗೆಯೇ ಇವೆ. 240 ದಿನಗಳ ಷರತ್ತು 180ಕ್ಕೆ ಇಳಿದಿದೆ. ಆದರೆ ‘ವೇತನ’ ಎಂಬುದರ ಅರ್ಥ ಬದಲಾಗಿದೆ. ಮನೆ ಬಾಡಿಗೆ ಮುಂತಾದ ಭತ್ಯೆಗಳನ್ನು ಹೊರಗಿಟ್ಟು, ಅವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದಷ್ಟನ್ನು ಮಾತ್ರ ವೇತನಕ್ಕೆ ಮರಳಿ ಸೇರಿಸಲಾಗುತ್ತದೆ. ಆದ್ದರಿಂದ ಅಂತಹವರ ಪತ್ರದಲ್ಲಿ 750 ರೂಪಾಯಿಯಂತಹ ದರವನ್ನು ತಾವೇ ನಮೂದಿಸುವ ಮೊದಲು, ಯಾವ ಭತ್ಯೆಗಳನ್ನು ಸೇರಿಸಿ ದರ ಕಟ್ಟಲಾಗಿದೆ ಎಂಬುದನ್ನು ಕಾರ್ಖಾನೆಯಿಂದ ಲಿಖಿತವಾಗಿ ಕೇಳಿ ಪಡೆಯತಕ್ಕದ್ದು.