ಗೋಡೆಗೆ ನೀರು ಎಲ್ಲಿಂದ ಬಂತು?

ಬಣ್ಣ ಹೊಡೆಸಿ ವರ್ಷ ತುಂಬಿರುವುದಿಲ್ಲ, ಗೋಡೆಯ ಮೇಲೆ ಗುಳ್ಳೆ ಏಳುತ್ತದೆ. ಉಗುರಿನಿಂದ ಕೆರೆದರೆ ಬಿಳಿ ಪುಡಿ ಉದುರುತ್ತದೆ. ಕೆರೆದು, ಪುಟ್ಟಿ ಹಚ್ಚಿ, ಮತ್ತೆ ಬಣ್ಣ ಬಳಿದರೆ ಮುಂದಿನ ವರ್ಷವೂ ಅದೇ ಕಥೆ.

ಆ ಪುಡಿ ಉಪ್ಪು. ಇಟ್ಟಿಗೆ, ಮರಳು, ಸಿಮೆಂಟು, ಮಣ್ಣು ಎಲ್ಲದರಲ್ಲೂ ಕರಗುವ ಲವಣಗಳು ಅಷ್ಟಿಷ್ಟು ಇರುತ್ತವೆ. ನೀರು ಅವನ್ನು ಕರಗಿಸಿಕೊಂಡು ಗೋಡೆಯ ಮೇಲ್ಮೈಗೆ ಬಂದು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಗೋಡೆ ಚೌಳು ಹಿಡಿಯುವುದೆಂದರೆ ಇದೇ. ಆದ್ದರಿಂದ ಚೌಳು ಒಂದು ಕುರುಹು ಮಾತ್ರ, ಅದನ್ನು ತಂದ ನೀರನ್ನು ಹುಡುಕಬೇಕು. ಪುಡಿಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕರಗಿದರೆ ಉಪ್ಪು, ಕರಗದೆ ಬೂದು, ಹಸಿರು ಅಥವಾ ಕಪ್ಪಾಗಿದ್ದರೆ ಬೂಷ್ಟು. ಹೊಸ ಮನೆಯಲ್ಲಿ ಕಟ್ಟುವಾಗ ಹೀರಿಕೊಂಡ ನೀರೇ ಆರುತ್ತಾ ಉಪ್ಪನ್ನು ಹೊರಹಾಕುವುದುಂಟು. ಅಂಥ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆದು, ಒಂದು ಬೇಸಿಗೆ ಕಾದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಹಳೆಯ ಮನೆಯ ವಿಚಾರ ಬೇರೆ. ಅಲ್ಲಿ ನೀರಿನ ಮೂಲ ತಿಳಿಯಲು ಎರಡು ಸಂಗತಿ ಗಮನಿಸಬೇಕು: ಕಲೆ ಎಷ್ಟು ಎತ್ತರದಲ್ಲಿದೆ, ಯಾವ ಕಾಲದಲ್ಲಿ ಬೆಳೆಯುತ್ತದೆ.

ನೆಲದಿಂದ ಏರುವ ತೇವ ನೆಲಮಹಡಿಯ ಗೋಡೆಯ ಬುಡದಿಂದಲೇ ಶುರುವಾಗುತ್ತದೆ. ಇಟ್ಟಿಗೆ, ಗಾರೆಗಳ ಸೂಕ್ಷ್ಮ ರಂಧ್ರಗಳು ಪಾಯದ ಮಣ್ಣಿನ ನೀರನ್ನು ಮೇಲೆಳೆಯುತ್ತವೆ. ಏರಿದಂತೆಲ್ಲ ನೀರು ಆವಿಯಾಗಿ ಹೋಗುವುದರಿಂದ ಅದು ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಒಂದೂವರೆ ಮೀಟರಿನ ಹೊತ್ತಿಗೆ ನಿಲ್ಲುತ್ತದೆ. ನಿಂತ ಕಡೆ ಗೋಡೆಯುದ್ದಕ್ಕೂ ಅಂಕುಡೊಂಕಾದ ಅಡ್ಡ ಗೆರೆ ಮೂಡುತ್ತದೆ, ಉಪ್ಪು ಅತಿ ಹೆಚ್ಚು ಸೇರುವುದು ಅಲ್ಲಿಯೇ. ಈ ತೇವ ಬೇಸಿಗೆಯಲ್ಲಿ ತಗ್ಗಬಹುದು, ಪೂರ್ತಿ ಮಾಯವಾಗುವುದು ಅಪರೂಪ. ಪಾಯದ ಮೇಲೆ ತೇವ ತಡೆಯುವ ಪದರ, ಅಂದರೆ ಡಿಪಿಸಿ, ಇಲ್ಲದಿರುವುದು ಅಥವಾ ಅದು ಕೆಲಸ ಮಾಡದಿರುವುದು ಇದರ ಅರ್ಥ.

ಚಾವಣಿ ಸೋರುವಾಗ ಕಲೆ ಮೇಲಿನಿಂದ ಇಳಿಯುತ್ತದೆ. ಚಾವಣಿ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ಅಂಚು ಕಟ್ಟಿದ ಕಂದು ವೃತ್ತಗಳು ಕಾಣುತ್ತವೆ. ಮಳೆ ಬಂದ ಮೇಲೆ ಕಲೆ ದೊಡ್ಡದಾಗುತ್ತದೆ, ಬಿಸಿಲು ಬಿದ್ದಾಗ ಒಣಗುತ್ತದೆ. ಕಲೆಯ ನೇರ ಮೇಲೆಯೇ ಬಿರುಕಿರಬೇಕೆಂದಿಲ್ಲ, ನೀರು ಮೋಲ್ಡಿನೊಳಗೆ ವೈರಿಂಗ್ ಪೈಪು ಹಿಡಿದು ಹಲವು ಅಡಿ ಹರಿದು ಬಂದಿರಬಹುದು. ಈ ಸೋರಿಕೆಯನ್ನು ಹಗುರವಾಗಿ ಕಾಣಬಾರದು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಬೀಳುತ್ತದೆ.

ಎರಡೂ ಒಂದೇ ಗೋಡೆಯಲ್ಲಿದ್ದಾಗ ಗೊಂದಲವಾಗುತ್ತದೆ. ಮೈಸೂರಿನ ಹಳೆಯ ಬಡಾವಣೆಯ ಒಂದಂತಸ್ತಿನ ಮನೆಯೊಂದನ್ನು ಊಹಿಸಿಕೊಳ್ಳಿ. ಹಾಲಿನ ಹೊರಗೋಡೆಯಲ್ಲಿ ಸೊಂಟದೆತ್ತರದವರೆಗೆ ಚೌಳು, ಮೇಲಿನ ಮೂಲೆಯಲ್ಲಿ ಕಂದು ಕಲೆ, ನಡುವಿನ ಗೋಡೆ ಒಣ. ಚಾವಣಿಯ ನೀರೇ ಕೆಳಗಿಳಿದಿದ್ದರೆ ನಡುಭಾಗವೂ ನೆನೆದಿರಬೇಕಿತ್ತು. ಆದ್ದರಿಂದ ಇವು ಬೇರೆಬೇರೆ ನೀರು ಎಂಬ ಅನುಮಾನ ಮೊದಲೇ ಬರಬೇಕು. ಎರಡೂ ಕಲೆಗಳ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ. ಮಳೆ ಬಂದಾಗ ಮೇಲಿನ ಕಲೆ ಗೆರೆ ದಾಟುತ್ತದೆ, ಮಾರ್ಚ್‌ನಲ್ಲಿ ಅದು ಒಣಗಿದ್ದರೂ ಕೆಳಗಿನದು ಹಸಿಯಾಗಿಯೇ ಇರುತ್ತದೆ.

ಇನ್ನು ಹೊರಗೆ ಹೋಗಿ ನೋಡಬೇಕು. ಅಂಗಳಕ್ಕೆ ಕಾಲಕಾಲಕ್ಕೆ ಕಾಂಕ್ರೀಟು, ಟೈಲ್ಸು ಹಾಕಿ ಹಾಕಿ ಹೊರನೆಲ ಮನೆಯೊಳಗಿನ ನೆಲಕ್ಕಿಂತ ಮೇಲೇರಿದ್ದರೆ ಡಿಪಿಸಿ ಇದ್ದೂ ಪ್ರಯೋಜನವಿಲ್ಲ, ನೀರು ಅದನ್ನು ದಾಟಿ ಒಳಬರುತ್ತದೆ. ಹೊರನೆಲವನ್ನು ಡಿಪಿಸಿಗಿಂತ ಸುಮಾರು 15 ಸೆಂಟಿಮೀಟರ್ ಕೆಳಗಿಳಿಸುವುದೇ ಅಲ್ಲಿ ಮೊದಲ ಚಿಕಿತ್ಸೆ. ತಾರಸಿಯಲ್ಲಿ ನೀರು ಹೋಗುವ ಪೈಪಿನ ಬಾಯಿ ಕಟ್ಟಿ, ಒಂದೆರಡು ಅಂಗುಲ ನೀರು ನಿಲ್ಲಿಸಿ, 24ರಿಂದ 48 ಗಂಟೆ ಬಿಡಿ. ಮಳೆಯಿಲ್ಲದ ದಿನಗಳಲ್ಲೂ ಮೂಲೆ ಒದ್ದೆಯಾದರೆ ಸೋರುತ್ತಿರುವುದು ತಾರಸಿಯೇ. ಈಗಾಗಲೇ ಬಿರುಕುಬಿಟ್ಟ, ಜೋತ ಚಾವಣಿಗೆ ಈ ಪರೀಕ್ಷೆ ಬೇಡ, ನೀರಿನ ಭಾರ ಅಪಾಯಕಾರಿ. ಗೋಡೆಯ ಆಚೆ ಬಚ್ಚಲಿದ್ದರೆ ಅಲ್ಲಿನ ಪೈಪನ್ನೂ ಮರೆಯಬೇಡಿ, ಅದರ ಸೋರಿಕೆಗೆ ಮಳೆಗಾಲ ಬೇಸಿಗೆ ಎಂಬ ಭೇದವಿಲ್ಲ.

ಮೂಲ ನಿಂತ ಮೇಲೂ ಕೆಳಗಿನ ಗೋಡೆ ಮೋಡ ಕವಿದ ದಿನ ಒದ್ದೆಯಾಗಬಹುದು. ಗಾರೆಯಲ್ಲಿ ಉಳಿದ ಕೆಲವು ಲವಣಗಳು ಗಾಳಿಯ ತೇವವನ್ನೇ ಹೀರುತ್ತವೆ. ಅದಕ್ಕೇ ಗೆರೆಗಿಂತ ಒಂದಡಿ ಮೇಲಿನವರೆಗೆ ಹಳೆಯ ಪ್ಲಾಸ್ಟರ್ ಕಿತ್ತು, ಇಟ್ಟಿಗೆ ಚೆನ್ನಾಗಿ ಒಣಗಿದ ಮೇಲೆ ಹೊಸದು ಮಾಡಿಸಬೇಕು. ಅದಕ್ಕೆ ಮೊದಲೇ ವಾಟರ್‌ಪ್ರೂಫ್ ಬಣ್ಣ ಬಳಿಸಬೇಡಿ. ಆರಲು ದಾರಿ ಸಿಗದ ನೀರು ಗೋಡೆಯಲ್ಲಿ ಇನ್ನೂ ಮೇಲಕ್ಕೆ ಏರುತ್ತದೆ.